ರಾಜಿಯಿಲ್ಲದ ರಾಜೀನಾಮೆ

ಕಳೆದ ಭಾನುವಾರ ಚಾಂದ್‌ಖೇಡಾದ ನಮ್ಮ ಮನೆಗೆ ಗದಗಿನ ಹುಡುಗನೊಬ್ಬ ಬಂದ. ಹುಡುಗ ಅನ್ನುವುದು ನನ್ನ ರೂಢಿ, ಅವನ ಮಗಳೇ ಎರಡನೇ ಕ್ಲಾಸಿನಲ್ಲಿದ್ದಾಳೆ. ಚಹಾ ಮುಗಿಯುವ ಮೊದಲೇ ಮೊಬೈಲು ನನ್ನ ಕೈಗಿಟ್ಟ. "ಸರ, ಸೋಮವಾರ ಸಹಿ ಮಾಡ್ಬೇಕಂತ್ರೀ. ಭಾಳ ಮರ್ಯಾದಿಯಿಂದ ಬರದಾರ, ಆದ್ರ ಓದಿದ್ರ ಹೊಟ್ಟ್ಯಾಗ ಕಲಸಿಧಂಗ ಆಗ್ತೈತಿ."

ಪತ್ರ ಓದಿದೆ. ಕಂಪನಿ 'ರೈಟ್‌ಸೈಜಿಂಗ್' ಮಾಡಿಕೊಳ್ಳುತ್ತಿದೆ, ಅವನ ಹುದ್ದೆ 'ಇಂಪ್ಯಾಕ್ಟ್' ಆಗಿದೆ, 'ಮ್ಯೂಚುವಲ್ ಸೆಪರೇಷನ್' ಪ್ರಕಾರ ಅವನ 'ಟ್ರಾನ್ಸಿಷನ್'ಗೆ 'ಗುಡ್‌ವಿಲ್ ಪ್ಯಾಕೇಜ್' ಕೊಡಲಾಗುವುದು. ಕೊನೆಯಲ್ಲಿ ಒಂದೇ ಸಾಲು: ವೈಯಕ್ತಿಕ ಕಾರಣಗಳಿಂದ ನಾನು ಸ್ವಇಚ್ಛೆಯಿಂದ ರಾಜೀನಾಮೆ ನೀಡುತ್ತಿದ್ದೇನೆ.

ಈ ಭಾಷೆ ನನಗೆ ಚೆನ್ನಾಗಿ ಗೊತ್ತು. ಹನ್ನೊಂದು ವರ್ಷ ಎಚ್‌ಆರ್‌ನಲ್ಲಿದ್ದು ಇಂಥವನ್ನು ನಾನೇ ಬರೆದಿದ್ದೇನೆ. ಮೇಲಿನ ಮೆತ್ತನೆಯ ಪದಗಳೆಲ್ಲ ಓದುವವನ ಸಿಟ್ಟು ಇಳಿಸುವುದಕ್ಕೆ. ಕೆಲಸ ಮಾಡುವುದು ಆ ಕೊನೆಯ ಸಾಲು.

ಯಾಕೆಂದರೆ ಕಂಪನಿ ತಾನಾಗಿ ತೆಗೆದುಹಾಕಿದರೆ ಕಾನೂನಿನಲ್ಲಿ ಅದಕ್ಕೆ 'ರಿಟ್ರೆಂಚ್‌ಮೆಂಟ್' ಎಂದು ಹೆಸರು. ವರ್ಷಕ್ಕಿಂತ ಹೆಚ್ಚು ಸತತವಾಗಿ ದುಡಿದವನಿಗೆ ಒಂದು ತಿಂಗಳ ನೋಟಿಸು, ಇಲ್ಲವೇ ಆ ತಿಂಗಳ ಪಗಾರ ಕೊಡಬೇಕು. ಅದರ ಜೊತೆಗೆ ಪೂರೈಸಿದ ಪ್ರತಿ ವರ್ಷಕ್ಕೆ 15 ದಿನದ ಪಗಾರ. 1947ರ ಕೈಗಾರಿಕಾ ವಿವಾದ ಕಾಯ್ದೆಯ ಈ ಲೆಕ್ಕವನ್ನು ಹೊಸ ಕೈಗಾರಿಕಾ ಸಂಬಂಧ ಸಂಹಿತೆಯೂ ಉಳಿಸಿಕೊಂಡಿದೆ. ಸ್ವಇಚ್ಛೆಯಿಂದ ಬಿಟ್ಟವನಿಗೆ ಇದು ಯಾವುದೂ ಇಲ್ಲ. ತಮಾಷೆಯೆಂದರೆ, ನಾವೆಲ್ಲ ಬಾಯಿತುಂಬ ಹೇಳುವ 'ಲೇ-ಆಫ್' ಕಾನೂನಿನಲ್ಲಿ ಬೇರೆಯದೇ ಸಂಗತಿ. ಕಲ್ಲಿದ್ದಲು, ಕರೆಂಟು, ಕಚ್ಚಾಮಾಲು ಇಲ್ಲದೆ ಕೆಲವು ದಿನ ಕೆಲಸ ಕೊಡಲಾಗದಿದ್ದರೆ ಅದು ಲೇ-ಆಫ್. ಹೆಸರು ಹಾಜರಿ ಪುಸ್ತಕದಲ್ಲೇ ಇರುತ್ತದೆ.

ಅವನ ಪಗಾರ ತಿಂಗಳಿಗೆ 42,000, ದುಡಿದದ್ದು ಆರು ವರ್ಷ. ಪೇಪರಿನ ಅಂಚಿನಲ್ಲಿ ಲೆಕ್ಕ ಹಾಕಿದೆವು. ವರ್ಷಕ್ಕೆ ಅರ್ಧ ತಿಂಗಳಿನಂತೆ 1,26,000, ನೋಟಿಸಿನ ಬದಲು 42,000, ಒಟ್ಟು 1,68,000. ಯಾವ ಭತ್ಯೆ ಲೆಕ್ಕಕ್ಕೆ ಬರುತ್ತದೆ ಎನ್ನುವುದರ ಮೇಲೆ ಸ್ವಲ್ಪ ಹೆಚ್ಚುಕಡಿಮೆಯಾದೀತು. ಕಂಪನಿಯ ಗುಡ್‌ವಿಲ್ ಎಷ್ಟು? ಒಂದು ತಿಂಗಳ ಪಗಾರ ಮತ್ತು ಗ್ರಾಚ್ಯುಟಿ. ಐದು ವರ್ಷ ದಾಟಿದವನು ತಾನಾಗಿ ಬಿಟ್ಟರೂ ಗ್ರಾಚ್ಯುಟಿ ಅವನ ಹಕ್ಕು. ಅವನದೇ ಜೇಬಿನ ದುಡ್ಡು ತೆಗೆದು ಅವನಿಗೇ ಉಡುಗೊರೆ ಕೊಟ್ಟಂತೆ.

"ಆದ್ರ ನಾ ಅಸಿಸ್ಟೆಂಟ್ ಮ್ಯಾನೇಜರ್ ಅದೀನಲ್ರೀ ಸರ, ಕಾಯ್ದೆ ನನಗ ಹತ್ತೂದಿಲ್ಲ ಅಂತಾರ."

ಇದು ಇನ್ನೊಂದು ಸಿಹಿಪದ. ಮ್ಯಾನೇಜರುಗಳು ಈ ಕಾಯ್ದೆಯ ಹೊರಗೆ, ನಿಜ. ಅವರಿಗೆ ಆಫರ್ ಲೆಟರಿನಲ್ಲಿರುವ ನೋಟಿಸಿನ ಷರತ್ತೇ ಗತಿ. ಆದರೆ ನ್ಯಾಯಾಲಯ ನೋಡುವುದು ಬೋರ್ಡನ್ನಲ್ಲ, ದಿನವಿಡೀ ಮಾಡುವ ಕೆಲಸವನ್ನು. ಇವನ ಕೈಕೆಳಗೆ ಒಬ್ಬರೂ ಇಲ್ಲ, ರಜೆ ಮಂಜೂರು ಮಾಡುವ ಅಧಿಕಾರವಿಲ್ಲ, ಬೆಳಗಿನಿಂದ ಸಂಜೆತನಕ ಬಿಲ್ ತಾಳೆ ನೋಡುತ್ತಾನೆ. ಮ್ಯಾನೇಜರ್‌ಗಿರಿ ವಿಸಿಟಿಂಗ್ ಕಾರ್ಡಿನಲ್ಲಿ ಮಾತ್ರ.

ಇನ್ನೊಂದು ಮೇಲ್ ಇತ್ತು, ಎರಡು ತಿಂಗಳು ಹಳೆಯದು. ಅವನಲ್ಲಿ 'ಓನರ್‌ಶಿಪ್' ಕಡಿಮೆ, ಆದ್ದರಿಂದ 'ಇಂಪ್ರೂವ್‌ಮೆಂಟ್ ಪ್ಲಾನ್' ಅಂತ. ಯಾವ ಬಿಲ್, ಯಾವ ತಪ್ಪು, ಯಾವ ತಾರೀಖು, ಒಂದೂ ಇಲ್ಲ. ತಪ್ಪಿಗೆ ತಾರೀಖಿಲ್ಲದಿದ್ದರೆ ಆ ಪ್ಲಾನು ಸುಧಾರಿಸಲಿಕ್ಕಲ್ಲ, ಮುಂದೆ ಬೇಕಾಗುವ ಕಾಗದ ಹೊಂದಿಸಿಕೊಳ್ಳಲಿಕ್ಕೆ ಅಂತಲೇ ನನ್ನ ಗುಮಾನಿ.

ಒತ್ತಾಯದ ರಾಜೀನಾಮೆ ರಾಜೀನಾಮೆಯಲ್ಲ ಎಂದು ಆಮೇಲೆ ವಾದಿಸಬಹುದು. ಆದರೆ ಒತ್ತಾಯವಿತ್ತೆಂದು ತೋರಿಸುವ ಹೊರೆ ಸಹಿ ಹಾಕಿದವನದು, ಮೀಟಿಂಗ್ ರೂಮಿನೊಳಗಿನ ಮಾತಿಗೆ ಸಾಕ್ಷಿ ಯಾರು? ಹಾಗಾಗಿ ಸಹಿಗೆ ಮೊದಲೇ ಮೇಲ್ ಕಳಿಸು ಅಂದೆ. ಇಬ್ಬರೂ ಕೂತು ನಾಲ್ಕು ಸಾಲು ಬರೆದೆವು: ಕೆಲಸ ಬಿಡಲು ನಾನು ಕೇಳಿಕೊಂಡಿಲ್ಲ, ಇಂಥ ದಿನದ ಸಭೆಯಲ್ಲಿ ನೀವು ಬಿಡಲು ಹೇಳಿದಿರಿ, ಹುದ್ದೆ ಬೇಡವಾಗಿದ್ದರೆ ಕಾರಣ ಬರೆದು ನೀವೇ ತೆಗೆಯಿರಿ, ನಿಯಮದಂತೆ ಬರುವ ಲೆಕ್ಕ ತಿಳಿಸಿ. ಅವರು ಓಗೊಡದಿದ್ದರೆ ಕಾರ್ಮಿಕ ಇಲಾಖೆಯ ಸಂಧಾನಾಧಿಕಾರಿಗೆ ತೋರಿಸಲಿಕ್ಕೆ ಕೈಯಲ್ಲಿ ಇದಾದರೂ ಇರುತ್ತದೆ.

ಇಲ್ಲಿ ಗುಜರಾತಿಯಲ್ಲೂ ಈ ಕಾಗದಕ್ಕೆ 'ರಾಜೀನಾಮು' ಅಂತಲೇ ಹೆಸರು. ನಮ್ಮ ರಾಜೀನಾಮೆ, ಅವರ ರಾಜೀನಾಮು, ಎರಡೂ ಪಾರ್ಸಿಯಿಂದ ಬಂದವು. ರಾಜಿ ಅಂದರೆ ಒಪ್ಪಿಗೆ, ನಾಮಾ ಅಂದರೆ ಪತ್ರ. ಹೊರಡುವಾಗ ಇದನ್ನು ಅವನಿಗೆ ಹೇಳಿದೆ. ಬಾಗಿಲಲ್ಲಿ ಚಪ್ಪಲಿ ಮೆಟ್ಟುತ್ತ ನಕ್ಕ.

ಬುಧವಾರ ಫೋನು ಮಾಡಿದ. ಎರಡು ಸುತ್ತು ಮಾತಾಗಿ ಗ್ರಾಚ್ಯುಟಿ ಬಿಟ್ಟು ಮೂರು ತಿಂಗಳ ಪಗಾರಕ್ಕೆ ಬಂದು ನಿಂತಿದ್ದಾರಂತೆ. ಅಂದರೆ 1,26,000. ಇನ್ನೂ 42,000 ಕಡಿಮೆ. ಮಗಳ ಶಾಲೆಯ ಫೀ ಕಟ್ಟಬೇಕು, ತಿಂಗಳುಗಟ್ಟಲೆ ಅಲೆಯಲು ಆಗುವುದಿಲ್ಲ, ಒಪ್ಪಿಕೊಂಡೆ ಅಂದ. ನಾನು ಬೇಡ ಅನ್ನಲಿಲ್ಲ. "ಆದ್ರ ಸರ, 'ಸ್ವಇಚ್ಛೆ' ಅನ್ನೂದನ್ನ ಹೊಡದು ಹಾಕಿಸೇನ್ರೀ. ಅದು ತಗಿಯೂಮಟ ಪೆನ್ನ ಮುಟ್ಟಲಿಲ್ಲ."