ಹಳೆಯ ಕಾಗದ ಕೇಳಿದರೆ ಹೊಸ ಕಾಗದ ಕೊಡುವವರು

ಅಮೆರಿಕದಲ್ಲಿ ನೆಲೆಸಿ ಅಲ್ಲಿನ ಪೌರತ್ವ ಪಡೆದ ಅಣ್ಣನೊಬ್ಬ ಊರಲ್ಲಿರುವ ತಂಗಿಯನ್ನು ಕರೆಸಿಕೊಳ್ಳಲು ಐ-130 ಎಂಬ ಅರ್ಜಿ ಹಾಕುತ್ತಾನೆ. ವರ್ಷಗಳು ಉರುಳುತ್ತವೆ. ಒಂದು ದಿನ ಅವನ ವಿಳಾಸಕ್ಕೆ ವಲಸೆ ಇಲಾಖೆಯಿಂದ ಹೆಚ್ಚಿನ ಪುರಾವೆ ಕೋರುವ ನೋಟಿಸ್ ಬರುತ್ತದೆ. ನೀವಿಬ್ಬರೂ ಒಡಹುಟ್ಟಿದವರೆಂಬುದಕ್ಕೆ ಕೊಟ್ಟ ದಾಖಲೆ ಸಾಲದು ಎಂಬುದು ಅದರ ಸಾರ. ಕೂಡಲೇ ನಮ್ಮ ಮನೆಗಳಲ್ಲಿ ಏನು ನಡೆಯುತ್ತದೆ? ಏಜೆಂಟನಿಗೆ ಫೋನು ಹೋಗುತ್ತದೆ. ಏಜೆಂಟ್ ಹೊಸದೊಂದು ಜನನ ಪ್ರಮಾಣಪತ್ರ ಮಾಡಿಸುತ್ತಾನೆ, ಜೊತೆಗೆ ಛಾಪಾ ಕಾಗದದ ಮೇಲೆ ಎರಡು ಅಫಿಡವಿಟ್ ಟೈಪು ಮಾಡಿಸುತ್ತಾನೆ. ಎಲ್ಲರೂ ನಿರಾಳವಾಗುತ್ತಾರೆ. ವಸ್ತುತಃ ಅರ್ಜಿ ಸೋಲುವುದು ಈ ನಿರಾಳತೆಯಿಂದಲೇ.

ಕಳೆದುಕೊಳ್ಳುವುದೇನೆಂದು ಮೊದಲು ತಿಳಿಯಬೇಕು. ಒಡಹುಟ್ಟಿದವರ ವರ್ಗದಲ್ಲಿ ಭಾರತೀಯರ ಸರದಿ ಹದಿನೈದು ವರ್ಷಕ್ಕೂ ಉದ್ದವಾದುದು, ಮತ್ತು ಆ ಸರದಿಯಲ್ಲಿ ನಮ್ಮ ಸ್ಥಾನವನ್ನು ನಿರ್ಧರಿಸುವುದು ಅರ್ಜಿ ಸಲ್ಲಿಸಿದ ದಿನಾಂಕ. 2009ರಲ್ಲಿ ಹಾಕಿದ ಅರ್ಜಿ ಇಂದು ತಿರಸ್ಕೃತವಾದರೆ ಹೊಸ ಅರ್ಜಿಗೆ ಯಾರ ಅಡ್ಡಿಯೂ ಇಲ್ಲ. ಆದರೆ ಅದಕ್ಕೆ ಸಿಗುವುದು ಹೊಸ ದಿನಾಂಕ. ಐವತ್ತರ ಹರೆಯದ ತಂಗಿ ಪುನಃ ಸರದಿಯ ಬಾಲಕ್ಕೆ ಹೋಗಿ ನಿಲ್ಲಬೇಕು.

ಹೊಸ ಜನನ ಪ್ರಮಾಣಪತ್ರಕ್ಕೆ ಏಕೆ ಬೆಲೆಯಿಲ್ಲ? ನಮ್ಮ ದೇಶದ 1969ರ ಜನನ ಮರಣ ನೋಂದಣಿ ಕಾಯ್ದೆಯ ಪ್ರಕಾರ ಜನನವನ್ನು 21 ದಿನಗಳೊಳಗೆ ನೋಂದಾಯಿಸಬೇಕು. ವರ್ಷ ಕಳೆದ ಮೇಲಾದರೆ ಮ್ಯಾಜಿಸ್ಟ್ರೇಟರ ಆದೇಶ ಬೇಕು. ಆ ದಾರಿಯಿಂದ ಬಂದ ಪತ್ರ ನಮ್ಮ ಕಚೇರಿಗಳಲ್ಲಿ ಪೂರ್ಣ ಮಾನ್ಯ. ಆದರೆ ಅದರ ಮೇಲೆ ಜನನದ ದಿನಾಂಕದ ಜೊತೆ ನೋಂದಣಿಯ ದಿನಾಂಕವೂ ಇರುತ್ತದೆ. 1973ರ ಜನನ, 2008ರ ನೋಂದಣಿ ಎಂದು ಕಂಡೊಡನೆ ಅಧಿಕಾರಿಯ ಮನಸ್ಸಿನಲ್ಲಿ ಏಳುವ ಪ್ರಶ್ನೆ ಸಹಜವಾದುದೇ. ಮೂವತ್ತೈದು ವರ್ಷದ ನಂತರ, ಅರ್ಜಿ ಹಾಕುವ ಹೊತ್ತಿಗೆ, ತಂದೆ ತಾಯಿಯ ಹೆಸರನ್ನು ಯಾರು ಹೇಳಿ ಬರೆಸಿದರು? ಅಮೆರಿಕದ ವಲಸೆ ಮೇಲ್ಮನವಿ ಮಂಡಳಿ 2017ರಲ್ಲಿ ರೆಹಮಾನ್ ಪ್ರಕರಣದಲ್ಲಿ ಈ ವಿಷಯವನ್ನೇ ಎತ್ತಿಕೊಂಡಿತು. ಜನನದ ಕಾಲದಲ್ಲಿ ನೋಂದಣಿಯಾಗದ ಪ್ರಮಾಣಪತ್ರವನ್ನು ಅಧಿಕಾರಿ ಪರಿಗಣಿಸಲೇಬೇಕು, ಆದರೆ ಅದರ ಜೊತೆ ಉಳಿದ ಎಲ್ಲ ಪುರಾವೆ ಮತ್ತು ಸಂದರ್ಭಗಳನ್ನೂ ತೂಗಿ ಸಂಬಂಧ ನಿಜವಿರುವ ಸಾಧ್ಯತೆ ಹೆಚ್ಚೇ ಎಂದು ನೋಡಬೇಕು ಎಂದಿತು. ಅಂದರೆ ತಡವಾದ ಪತ್ರ ಕಸವೂ ಅಲ್ಲ, ಸಾಕ್ಷ್ಯದ ಕೊನೆಯೂ ಅಲ್ಲ. ಅದಕ್ಕೆ ಹಳೆಯ ಕಾಗದದ ಊರುಗೋಲು ಬೇಕು. ಹೀಗಿರುವಾಗ 2008ರ ಪತ್ರ ಸಾಲದು ಎಂದವರಿಗೆ ಈ ವರ್ಷದ ಪತ್ರ ಕಳಿಸುವುದೆಂದರೇನು?

ಮೇಲಿನ ತಂಗಿಯನ್ನೇ ಉದಾಹರಣೆಯಾಗಿ ಮುಂದುವರಿಸೋಣ. ಅಣ್ಣ 1966ರಲ್ಲಿ, ತಂಗಿ 1973ರಲ್ಲಿ ಶಿವಮೊಗ್ಗದಲ್ಲಿ ಹುಟ್ಟಿದವರು ಎಂದಿಟ್ಟುಕೊಳ್ಳಿ. ಮೊದಲ ಕೆಲಸ, ಇಬ್ಬರೂ ಓದಿದ ಪ್ರಾಥಮಿಕ ಶಾಲೆಗೆ ಹೋಗಿ ದಾಖಲಾತಿ ವಹಿಯ ನಕಲು ಕೇಳುವುದು. ಮುಖ್ಯೋಪಾಧ್ಯಾಯರು ಇಂದಿನ ದಿನಾಂಕದಲ್ಲಿ ಬರೆದುಕೊಡುವ ವ್ಯಾಸಂಗ ಪ್ರಮಾಣಪತ್ರ ಮಾತ್ರ ಸಾಲದು, 1971 ಮತ್ತು 1979ರ ಆ ಪುಟದ್ದೇ ದೃಢೀಕೃತ ನಕಲು ಬೇಕು. ಅಲ್ಲಿ ಸೇರಿದ ದಿನ, ಜನ್ಮ ದಿನಾಂಕ, ತಂದೆಯ ಹೆಸರು ಇರುತ್ತವೆ. ಆ ಕೈಬರಹ ಅಮೆರಿಕದ ಕನಸು ಯಾರಿಗೂ ಬೀಳುವ ಮೊದಲಿನದು. ಅದರ ಬಲವಿರುವುದು ಅಲ್ಲೇ.

ಇಲ್ಲಿ ಬಹಳ ಮಂದಿ ಗಮನಿಸದ ಒಂದು ತೊಡಕಿದೆ. ಆ ಕಾಲದ ವಹಿಗಳಲ್ಲಿ ಅನೇಕ ವೇಳೆ ತಾಯಿಯ ಹೆಸರೇ ಇರುವುದಿಲ್ಲ. ಆದುದರಿಂದ ಇಬ್ಬರ ಸಂಬಂಧವನ್ನು ತಂದೆಯ ಮೂಲಕ ತೋರಿಸಬೇಕಾಗುತ್ತದೆ, ಹಾಗೆ ತೋರಿಸುವಾಗ ತಂದೆ ತಾಯಿಯ ವಿವಾಹದ ದಾಖಲೆಯೂ ಬೇಕಾಗುತ್ತದೆ. ಜಮಾಅತಿನ ನಿಕಾಹ್ ರಿಜಿಸ್ಟರ್ ಬೆಲೆ ಪಡೆಯುವುದು ಈ ಹಂತದಲ್ಲಿ. ಮಸೀದಿಯ ಕಪಾಟಿನಲ್ಲಿ ಗೆದ್ದಲು ಹಿಡಿಯುತ್ತಿರುವ ಆ ಉರ್ದು ಪುಸ್ತಕದ 1960ರ ದಶಕದ ಪುಟವೊಂದು ಈಗ ಮಾಡಿಸುವ ಹತ್ತು ವಂಶವೃಕ್ಷಗಳಿಗಿಂತ ಮಿಗಿಲು. (ಅದನ್ನು ಕಾಪಾಡದ ನಮ್ಮ ಆಡಳಿತ ಸಮಿತಿಗಳ ಬಗ್ಗೆ ಬರೆಯಲು ಇನ್ನೊಂದು ಲೇಖನವೇ ಬೇಕು.) ಆ ಪುಟದ ನಕಲಿನ ಜೊತೆ ಸಂಪೂರ್ಣ ಇಂಗ್ಲಿಷ್ ಅನುವಾದ ಇರಬೇಕು. ಅನುವಾದ ಪೂರ್ಣವೂ ನಿಖರವೂ ಆಗಿದೆ, ತನಗೆ ಎರಡೂ ಭಾಷೆ ಬರುತ್ತದೆ ಎಂದು ಅನುವಾದಕ ಬರೆದು ಸಹಿ ಹಾಕಬೇಕು. ಸಾರಾಂಶ ನಡೆಯದು.

ಹೆಸರಿನ ಗೊಂದಲ ನಮಗೆ ಹುಟ್ಟಿನಿಂದ ಬಂದದ್ದು. ಶಾಲೆಯಲ್ಲಿ ಹುಸೇನ್ ಸಾಬ್, ನಿಕಾಹಿನಲ್ಲಿ ಮುಹಮ್ಮದ್ ಹುಸೇನ್, ಪಡಿತರ ಚೀಟಿಯಲ್ಲಿ ಎಂ. ಹುಸೇನ್. ಅಧಿಕಾರಿಯ ಕಣ್ಣಿಗೆ ಇವರು ಮೂವರು. ಮೂವರೂ ಒಬ್ಬರೇ ಎಂದು ಮಗನೇ ಪ್ರಮಾಣ ಮಾಡಿದರೆ ಅದು ಅವನ ಮಾತಷ್ಟೇ. 1988ರ ಹೋ ಪ್ರಕರಣದಲ್ಲಿ ಅದೇ ಮಂಡಳಿ ದಾಖಲೆಗಳ ನಡುವಿನ ವಿರೋಧವನ್ನು ಸ್ವತಂತ್ರವಾದ, ವಸ್ತುನಿಷ್ಠವಾದ ಪುರಾವೆಯಿಂದ ಪರಿಹರಿಸಬೇಕೆಂದು ಹೇಳಿದೆ. ಒಂದೇ ಮನೆ, ಒಂದೇ ಪತ್ನಿ, ಎರಡು ಹೆಸರು ಕಾಣುವ ಹಳೆಯ ಆಸ್ತಿ ಪತ್ರವೋ ಪಾಸ್‌ಪೋರ್ಟೋ ಸಿಕ್ಕರೆ ಅದೇ ಉತ್ತರ.

ಇನ್ನು ಅಫಿಡವಿಟ್. ಜನನದ ಅಧಿಕೃತ ದಾಖಲೆಯೂ ಇಲ್ಲ, ಶಾಲೆಯಂತಹ ಪೂರಕ ದಾಖಲೆಯೂ ಇಲ್ಲ ಎಂದು ತೋರಿಸಿದ ನಂತರ ಮಾತ್ರ ಅದರ ಸರದಿ. ಅರ್ಜಿಯ ಪಕ್ಷಗಾರರಲ್ಲದ, ಜನನವನ್ನು ಪ್ರತ್ಯಕ್ಷ ಬಲ್ಲ ಇಬ್ಬರು ಬರೆದುಕೊಡಬೇಕು. ತಮ್ಮ ಹುಟ್ಟಿದ ದಿನ, ಸ್ಥಳ, ವಿಳಾಸ, ಸಂಬಂಧ ಹಾಗೂ ವಿಷಯ ತಮಗೆ ಹೇಗೆ ಗೊತ್ತು ಎಂಬುದನ್ನು ತಿಳಿಸಬೇಕು. ನಮ್ಮಲ್ಲಿ 1973ರ ಜನನಕ್ಕೆ 1980ರಲ್ಲಿ ಹುಟ್ಟಿದ ಚಿಕ್ಕಪ್ಪನ ಮಗ ಸಾಕ್ಷಿ! ಇಬ್ಬರ ಅಫಿಡವಿಟ್ಟಿನಲ್ಲೂ ಅದೇ ವಾಕ್ಯ, ಅದೇ ಕಾಗುಣಿತ ದೋಷ. ಎಂಬತ್ತು ದಾಟಿದ ಸೋದರತ್ತೆ ಬದುಕಿದ್ದರೆ ಆಕೆ ತನ್ನ ಮಾತಿನಲ್ಲಿ ಹೇಳಿದ ಅರ್ಧ ಪುಟ ಇವೆರಡಕ್ಕಿಂತ ಮೇಲು.

ನಾವು ಮುಸ್ಲಿಮರೆಂದೇ ಈ ನೋಟಿಸ್ ಬಂದಿದೆ ಎನ್ನುವವರಿದ್ದಾರೆ. 2017ರ ಪ್ರಯಾಣ ನಿರ್ಬಂಧವನ್ನು ಕಂಡವರಿಗೆ ಆ ಶಂಕೆ ಬಂದರೆ ತಪ್ಪೆನ್ನಲಾರೆ. ಆದರೆ ತಡವಾಗಿ ನೋಂದಾಯಿಸಿದ ಯಾರಿಗೇ ಆದರೂ ಈ ಪ್ರಶ್ನೆ ಎದುರಾಗಬಹುದು. ಗಡುವಿನ ದಿನಗಳನ್ನು ಆಕ್ರೋಶದಲ್ಲಿ ಕಳೆದವನಿಗೆ ಯಾರೂ ದಿನ ಹಿಂದಿರುಗಿಸುವುದಿಲ್ಲ.

ಏಕೆಂದರೆ ಗಡುವು ವಿಸ್ತರಣೆಯಾಗುವುದಿಲ್ಲ. ಕೊರೊನಾ ಕಾಲದಲ್ಲಿದ್ದ 60 ದಿನಗಳ ವಿನಾಯಿತಿ 2023ರ ಮಾರ್ಚ್‌ನಲ್ಲಿ ಮುಗಿಯಿತು. ಹೆಚ್ಚಿನ ಪುರಾವೆಗೆ ನಿಯಮ ಕೊಡುವ ಗರಿಷ್ಠ ಅವಧಿ 12 ವಾರ. ನಿರಾಕರಿಸುವ ಇರಾದೆಯ ನೋಟಿಸ್ ಆದರೆ ಗರಿಷ್ಠ 30 ದಿನ. ನೋಟಿಸ್ ಅಂಚೆಯಲ್ಲಿ ಬಂದಿದ್ದರೆ ಅಂಚೆಗೆಂದು ಕೆಲವು ದಿನ ಸೇರುತ್ತವೆ. ಎಣಿಕೆಯ ತಕರಾರು ಬಿಟ್ಟು ನೋಟಿಸಿನಲ್ಲಿ ಮುದ್ರಿಸಿದ ದಿನಾಂಕವನ್ನೇ ಹಿಡಿಯುವುದು ಲೇಸು. ಆ ದಿನದೊಳಗೆ ಉತ್ತರ ಅವರ ಕೈ ಸೇರಿರಬೇಕು, ಅಂಚೆಗೆ ಹಾಕಿದ್ದರೆ ಸಾಲದು. ಡಿಎನ್‌ಎ ಪರೀಕ್ಷೆಯನ್ನು ನೆಚ್ಚುವವರು ಮೊದಲ ವಾರದಲ್ಲೇ ಅಮೆರಿಕದ ಎಎಬಿಬಿ ಮಾನ್ಯತೆಯುಳ್ಳ ಪ್ರಯೋಗಾಲಯವನ್ನು ಸಂಪರ್ಕಿಸಬೇಕು. ಊರಿನ ಲ್ಯಾಬಿನ ವರದಿ ಅಲ್ಲಿ ನಡೆಯದು.

ಎಲ್ಲಕ್ಕಿಂತ ಅಪಾಯಕಾರಿ ಸಲಹೆ, ಇದ್ದದ್ದನ್ನು ಈಗ ಕಳಿಸೋಣ, ಉಳಿದದ್ದು ಆಮೇಲೆ ಎಂಬುದು. ಉತ್ತರವೆಲ್ಲ ಒಂದೇ ಬಾರಿಗೆ ಹೋಗಬೇಕೆಂಬುದು ನಿಯಮ. ಭಾಗಶಃ ಉತ್ತರ ಕೊಟ್ಟರೆ, ಇರುವುದರ ಮೇಲೆಯೇ ತೀರ್ಪು ಕೊಡಿ ಎಂದು ನೀವೇ ಕೇಳಿದಂತೆ. ಕೇಳಿದಾಗ ಕೊಡದ ಪುರಾವೆಯನ್ನು ಮೇಲ್ಮನವಿಯಲ್ಲಿ ತಂದರೆ ಪರಿಗಣಿಸುವುದಿಲ್ಲವೆಂದು 1988ರ ಸೋರಿಯಾನೊ ಪ್ರಕರಣದಲ್ಲಿ ಮಂಡಳಿ ಹೇಳಿಬಿಟ್ಟಿದೆ. ಒಂದು ದಾಖಲೆ ನಿಜಕ್ಕೂ ಸಿಗದಿದ್ದರೆ, ಅದು ಲಭ್ಯವಿಲ್ಲವೆಂದು ನೋಂದಣಾಧಿಕಾರಿಯಿಂದ ಬರೆಸಿಕೊಂಡು ಆ ಪತ್ರವನ್ನೇ ಸೇರಿಸಬೇಕು. ನೋಟಿಸಿನ ಮೂಲ ಪ್ರತಿ ಮೇಲೆ, ಅದರಲ್ಲಿ ಕೇಳಿದ ಅನುಕ್ರಮದಲ್ಲೇ ದಾಖಲೆಗಳು ಕೆಳಗೆ, ಪೂರ್ತಿ ಕಟ್ಟಿನ ಒಂದು ನಕಲು ಮತ್ತು ಕೊರಿಯರಿನ ರಸೀದಿ ಅಣ್ಣನ ಬಳಿ.