ಲಸಿಕೆ ಹಾಕಿಸಿದವರಿಗೇ ದಡಾರ ಬಂತೇ? ಫಾರ್ವರ್ಡ್‌ನಲ್ಲಿ ಬರುವ ನಾಲ್ಕು ಪದಗಳ ಅರ್ಥ

ಎಲ್ಲಾದರೂ ಮಕ್ಕಳಲ್ಲಿ ದಡಾರ ಕಾಣಿಸಿಕೊಂಡರೆ ಎರಡು ಬಗೆಯ ಸಂದೇಶಗಳು ವಾಟ್ಸಾಪ್‌ನಲ್ಲಿ ಓಡಾಡಲು ಶುರುವಾಗುತ್ತವೆ. "ಚುಚ್ಚುಮದ್ದು ಹಾಕಿಸಿದ ನಾಲ್ಕೇ ದಿನಕ್ಕೆ ಮಗುವಿಗೆ ದಡಾರ ಬಂತು" ಎಂಬುದು ಒಂದು. "ರೋಗ ಬಂದವರಲ್ಲಿ ಅರ್ಧಕ್ಕಿಂತ ಹೆಚ್ಚು ಮಕ್ಕಳು ಲಸಿಕೆ ಹಾಕಿಸಿಕೊಂಡವರೇ" ಎಂಬುದು ಇನ್ನೊಂದು. ಎರಡೂ ಕೆಲವೊಮ್ಮೆ ನಿಜವೇ ಆಗಿರುತ್ತವೆ. ಆದರೆ ಅದರಿಂದ ಲಸಿಕೆಯೇ ರೋಗ ತಂದಿತು, ಲಸಿಕೆ ಕೆಲಸಕ್ಕೆ ಬರಲಿಲ್ಲ ಎಂದು ಹೇಳಬಹುದೇ? ನೋಡೋಣ.

ಮೊದಲ ಸಂದೇಶಕ್ಕೆ ಉತ್ತರ ಇರುವುದು 'ಇನ್‌ಕ್ಯುಬೇಷನ್' ಎಂಬ ಪದದಲ್ಲಿ. ಕೋಳಿ ಕಾವಿಗೆ ಕೂರುವುದಕ್ಕೂ ಇಂಗ್ಲಿಷ್‌ನಲ್ಲಿ ಇದೇ ಪದ. ಮೊಟ್ಟೆ ಹೊರಗಿನಿಂದ ಹಾಗೇ ಕಾಣುತ್ತದೆ, ಒಳಗೆ ಮರಿ ಬೆಳೆಯುತ್ತಿರುತ್ತದೆ. ರೋಗಾಣು ದೇಹ ಹೊಕ್ಕ ದಿನದಿಂದ ಲಕ್ಷಣ ಕಾಣುವವರೆಗಿನ ಸಮಯವೂ ಹಾಗೆಯೇ. ದಡಾರದಲ್ಲಿ ಸೋಂಕು ತಗುಲಿದ ಮೇಲೆ ಮೈಮೇಲೆ ಗಂಧೆ ಏಳಲು ಸಾಮಾನ್ಯವಾಗಿ 14 ದಿನ ಬೇಕು. ಕೆಲವರಲ್ಲಿ 7 ದಿನ, ಕೆಲವರಲ್ಲಿ 21 ದಿನ.

ಈಗ ಲೆಕ್ಕ ಹಾಕಿ. ಒಂದು ಮಗುವಿಗೆ 5ನೇ ತಾರೀಖು ಲಸಿಕೆ ಹಾಕಿಸಿದರು, 6ಕ್ಕೆ ಜ್ವರ, 9ಕ್ಕೆ ಗಂಧೆ ಎಂದುಕೊಳ್ಳೋಣ. 9ರಿಂದ ಏಳು ದಿನ ಹಿಂದಕ್ಕೆ ಎಣಿಸಿದರೂ 2ನೇ ತಾರೀಖಿಗೆ ಬಂದು ನಿಲ್ಲುತ್ತೇವೆ. ಅಂದರೆ ಆಶಾ ಕಾರ್ಯಕರ್ತೆ ಮನೆಗೆ ಬಂದು ಕರೆಯುವ ಮೊದಲೇ ಸೋಂಕು ಮಗುವಿನ ಮೈಯಲ್ಲಿತ್ತು.

ಒಂದು ಮಾತು ಮುಚ್ಚಿಡಬಾರದು. ದಡಾರದ ಲಸಿಕೆಯಲ್ಲಿ ಇರುವುದು ಶಕ್ತಿ ಕುಂದಿಸಿದ ಜೀವಂತ ವೈರಸ್. ಹಾಗಾಗಿ ಕೆಲವು ಮಕ್ಕಳಿಗೆ ಲಸಿಕೆಯ ನಂತರ 7ರಿಂದ 12 ದಿನದೊಳಗೆ ಜ್ವರ ಬರಬಹುದು, ಕೆಲವರಿಗೆ ಸಣ್ಣದಾಗಿ ಗಂಧೆಯೂ ಏಳಬಹುದು. ಅದು ತಾನಾಗಿಯೇ ಇಳಿಯುತ್ತದೆ. ಆ ಹೊತ್ತಿಗೆ ಊರಿನಲ್ಲಿ ದಡಾರವೂ ಇದ್ದರೆ ನೋಡಿ ಹೇಳುವುದು ಕಷ್ಟ. ಗಂಟಲಿನ ದ್ರವ ಪರೀಕ್ಷಿಸಿದರೆ ಲಸಿಕೆಯ ವೈರಸ್ಸೋ ರೋಗದ್ದೋ ಪ್ರಯೋಗಾಲಯದಲ್ಲಿ ಗೊತ್ತಾಗುತ್ತದೆ.

ಎರಡನೇ ಸಂದೇಶಕ್ಕೆ ಬರೋಣ. ಇಲ್ಲಿ ತಿಳಿಯಬೇಕಾದದ್ದು 'ಆಂಟಿಬಾಡಿ', ಪುಸ್ತಕದ ಕನ್ನಡದಲ್ಲಿ ಪ್ರತಿಕಾಯ. ನಿರ್ದಿಷ್ಟ ರೋಗಾಣುವಿಗೆ ಅಂಟಿಕೊಂಡು ಅದು ಜೀವಕೋಶದೊಳಗೆ ನುಗ್ಗದಂತೆ ತಡೆಯುವ ಪ್ರೋಟೀನ್ ಇದು. ತಾಯಿಯ ಆಂಟಿಬಾಡಿ ಗರ್ಭದಲ್ಲೇ ಮಗುವಿಗೆ ಬಂದಿರುತ್ತದೆ, ಮೊದಲ ಕೆಲವು ತಿಂಗಳು ಕಾಯುತ್ತದೆ, ನಿಧಾನವಾಗಿ ಕರಗುತ್ತದೆ. ತಮಾಷೆ ಎಂದರೆ, ಅದು ಇನ್ನೂ ಉಳಿದಿದ್ದರೆ ಲಸಿಕೆಯ ವೈರಸ್ಸನ್ನೂ ಹೊಡೆದು ಹಾಕುತ್ತದೆ! ಆಗ ಮಗುವಿನ ದೇಹ ಸ್ವಂತ ಆಂಟಿಬಾಡಿ ಮಾಡುವುದನ್ನು ಕಲಿಯುವುದೇ ಇಲ್ಲ. 9 ತಿಂಗಳಿಗೆ ಹಾಕುವ ಮೊದಲ ಡೋಸ್ ನೂರರಲ್ಲಿ ಸುಮಾರು 85 ಮಕ್ಕಳಿಗೆ ಮಾತ್ರ ರಕ್ಷಣೆ ಕೊಡಲು ಇದೂ ಒಂದು ಕಾರಣ.

ಉಳಿದ 15 ಮಕ್ಕಳಿಗಾಗಿಯೇ 16ರಿಂದ 24 ತಿಂಗಳೊಳಗೆ ಎರಡನೇ ಡೋಸ್. ಇದನ್ನು 'ಬೂಸ್ಟರ್' ಎನ್ನುವವರು ಬಹಳ, ಆದರೆ ಸರಿಯಾಗಿ ನೋಡಿದರೆ ಅಲ್ಲ. ಕಲಿತ ಪಾಠ ಮರೆತುಹೋಗುವ ಮುನ್ನ ನೆನಪಿಸುವುದು ಬೂಸ್ಟರ್. ಡಿಪಿಟಿಗೆ ಅದೇ ವಯಸ್ಸಿನಲ್ಲಿ ಒಮ್ಮೆ, 5 ವರ್ಷಕ್ಕೆ ಇನ್ನೊಮ್ಮೆ ಕೊಡುವುದು ಅಂಥದ್ದು. ದಡಾರದ ಎರಡನೇ ಡೋಸ್ ಮೊದಲ ದಿನ ಪಾಠವೇ ತಲೆಗೆ ಹತ್ತದ ಮಕ್ಕಳಿಗೆ ಮತ್ತೊಂದು ಅವಕಾಶ. "ಬೂಸ್ಟರ್ ತಾನೇ, ಬಿಟ್ಟರೂ ನಡೆಯುತ್ತದೆ" ಎಂದು ಬಿಡುವವರು ಇದನ್ನು ಗಮನಿಸಬೇಕು.

ಈಗ 200 ಮಕ್ಕಳಿರುವ ಒಂದು ಶಾಲೆಯನ್ನು ಉದಾಹರಣೆಗೆ ಇಟ್ಟುಕೊಳ್ಳೋಣ. 180 ಮಕ್ಕಳಿಗೆ ಒಂದೇ ಡೋಸ್ ಆಗಿದೆ, 20 ಮಕ್ಕಳಿಗೆ ಏನೂ ಆಗಿಲ್ಲ. 180ರಲ್ಲಿ 153 ಮಕ್ಕಳಿಗೆ ರಕ್ಷಣೆ ಇದೆ, 27ಕ್ಕೆ ಇಲ್ಲ. ರಕ್ಷಣೆ ಇಲ್ಲದವರು ರೋಗಿಯ ಹತ್ತಿರವಿದ್ದರೆ ಹತ್ತರಲ್ಲಿ ಒಂಬತ್ತು ಮಂದಿಗೆ ದಡಾರ ತಗಲುತ್ತದೆ. ಹಾಗಾಗಿ ಲಸಿಕೆ ಹಾಕಿಸಿದವರಲ್ಲಿ ಸುಮಾರು 24, ಹಾಕಿಸದವರಲ್ಲಿ 18 ಮಕ್ಕಳು ಮಲಗುತ್ತಾರೆ. ಫಾರ್ವರ್ಡ್ ಹೇಳುವುದು ಇಷ್ಟೇ: "42ರಲ್ಲಿ 24 ಮಕ್ಕಳು ಲಸಿಕೆ ಪಡೆದವರು!" ಆದರೆ ಆ 24 ಮಕ್ಕಳು 180ರ ಪೈಕಿ, ಅಂದರೆ ನೂರಕ್ಕೆ 13. ಆ 18 ಮಕ್ಕಳು ಬರೀ 20ರ ಪೈಕಿ, ನೂರಕ್ಕೆ 90.

ಇಂಥ ಸಂದೇಶ ಬಂದಾಗ ನಾವು ಮೊದಲು ಕೇಳುವುದು "ಒಟ್ಟು ಎಷ್ಟು ಜನರಲ್ಲಿ?" ಎಂದು. ಆ ಸಂಖ್ಯೆ ಸಂದೇಶದಲ್ಲಿ ಇರುವುದು ಅಪರೂಪ.

ಕೊನೆಯ ಪದ 'ಔಟ್‌ಬ್ರೇಕ್'. ಒಂದು ಜಾಗದಲ್ಲಿ, ಒಂದು ಅವಧಿಯಲ್ಲಿ ಸಾಮಾನ್ಯವಾಗಿ ಕಾಣುವುದಕ್ಕಿಂತ ಹೆಚ್ಚು ಪ್ರಕರಣ ಬಂದರೆ ಹಾಗೆನ್ನುತ್ತಾರೆ. ಸಾವಿರಾರು ಜನ ಮಲಗಿರಬೇಕೆಂದೇನಿಲ್ಲ. ಗಂಧೆ ಏಳುವ 4 ದಿನ ಮೊದಲೇ ಮಗು ರೋಗ ಹರಡಲು ಶುರುಮಾಡಿರುತ್ತದೆ. ಆದ್ದರಿಂದ ಅಕ್ಕಪಕ್ಕದಲ್ಲಿ ದಡಾರ ಇದೆಯೆಂದು ಗೊತ್ತಾದರೆ ಮನೆಯಲ್ಲಿ ತಾಯಿ ಕಾರ್ಡ್ ತೆಗೆದು ನೋಡಿ, ಎರಡೂ ಡೋಸ್‌ನ ತಾರೀಖು ಬರೆದಿದೆಯೇ ಎಂದು. ಡೋಸ್ ಆಗದ ಮಗು ರೋಗಿಯ ಸಂಪರ್ಕಕ್ಕೆ ಬಂದಿದ್ದರೂ 72 ಗಂಟೆಯೊಳಗೆ ಲಸಿಕೆ ಹಾಕಿಸಿದರೆ ರೋಗ ತಪ್ಪುವ, ಇಲ್ಲವೇ ಹಗುರವಾಗುವ ಸಾಧ್ಯತೆ ಇದೆ.