ಅರ್ಜಿ ಹಾಕಿದ ಮೇಲೆ ಎಷ್ಟು ದಿನ ಕಾಯಬೇಕು?

ಪದವಿಯ ಕೊನೆಯ ಪರೀಕ್ಷೆ ಮುಗಿದ ಮೇಲೆ ಭಟ್ಕಳ, ಹೊನ್ನಾವರ, ಕುಮಟಾಗಳ ಎಷ್ಟೋ ಮನೆಗಳಲ್ಲಿ ಒಂದೇ ಬಗೆಯ ಮಾತು ಕೇಳಿಬರುತ್ತದೆ. ಮಗಳು ಬೆಂಗಳೂರಿನ ಕಂಪನಿಗೆ ಅರ್ಜಿ ಕಳಿಸಿ ಹತ್ತು ದಿನವಾಯಿತು, ಉತ್ತರವಿಲ್ಲ. ತಾಯಿ "ಒಂದು ಫೋನ್ ಮಾಡಿ ಕೇಳಿ ನೋಡು" ಎನ್ನುತ್ತಾಳೆ. ತಂದೆ "ಬೇಡ, ಗರಜು ಬಿದ್ದವರ ಹಾಗೆ ಕಾಣುತ್ತದೆ" ಎನ್ನುತ್ತಾನೆ. ಇಬ್ಬರ ಮಾತಿನಲ್ಲೂ ಹುರುಳಿದೆ. ತಕರಾರು ಇರುವುದು ದಿನದ ಲೆಕ್ಕದಲ್ಲಿ ಮಾತ್ರ.

ಹೆಚ್ಚಿನವರು ಅರ್ಜಿ ಕಳಿಸಿದ ದಿನದಿಂದ ಎಣಿಸುತ್ತಾರೆ. ಕಂಪನಿಯವರು ಎಣಿಸುವುದು ಕೊನೆಯ ದಿನಾಂಕದಿಂದ. ಅಲ್ಲಿಯವರೆಗೆ ಬಂದ ಅರ್ಜಿಗಳು ಸಾಮಾನ್ಯವಾಗಿ ಒಂದೆಡೆ ಗುಡ್ಡೆಯಾಗುತ್ತವೆ. ಕೊನೆಯ ದಿನಾಂಕ ಕಳೆದ ಮೇಲೆ ನೇಮಕಾತಿ ವಿಭಾಗದವರು ವಿದ್ಯಾರ್ಹತೆ ನೋಡಿ ಜರಡಿ ಹಿಡಿಯುತ್ತಾರೆ. ಉಳಿದವು ಕೆಲಸ ಕೊಡುವ ವಿಭಾಗದ ಮುಖ್ಯಸ್ಥರ ಮೇಜಿಗೆ ಹೋಗುತ್ತವೆ. ಅವರಿಗೆ ಇದು ದಿನದ ಕೆಲಸಗಳ ನಡುವಿನ ಇನ್ನೊಂದು ಕೆಲಸ. ವಿಳಂಬವಾಗುವುದು ಬಹುಮಟ್ಟಿಗೆ ಇಲ್ಲಿಯೇ. ಆಮೇಲೆ ಸಂದರ್ಶನಕ್ಕೆ ಮೂವರೋ ನಾಲ್ವರೋ ಅಧಿಕಾರಿಗಳು ಒಟ್ಟಿಗೆ ಸಿಗುವ ದಿನವನ್ನು ಹುಡುಕಬೇಕು.

ಹೊನ್ನಾವರದ ರಸಾಯನಶಾಸ್ತ್ರ ಪದವೀಧರೆಯೊಬ್ಬಳು ಔಷಧ ಕಂಪನಿಯೊಂದರ ಗುಣಮಟ್ಟ ಪರೀಕ್ಷಾ ವಿಭಾಗದ ತರಬೇತಿ ಹುದ್ದೆಗೆ ಜೂನ್ 3ರಂದು ಇ-ಮೇಲ್‌ನಲ್ಲಿ ಅರ್ಜಿ ಕಳಿಸಿದಳು ಎಂದಿಟ್ಟುಕೊಳ್ಳೋಣ. ಕೊನೆಯ ದಿನಾಂಕ ಜೂನ್ 15, ಸೋಮವಾರ. ಅವಳ ಲೆಕ್ಕದಲ್ಲಿ ಜೂನ್ 17ಕ್ಕೆ ಎರಡು ವಾರ ತುಂಬಿತು. ಕಂಪನಿಯ ಲೆಕ್ಕದಲ್ಲಿ ಅಂದಿಗೆ ಎರಡೇ ದಿನ! ಆ ದಿನ ಬರೆದ ಪತ್ರಕ್ಕೆ "ಪರಿಶೀಲನೆಯಲ್ಲಿದೆ" ಎಂಬುದಕ್ಕಿಂತ ಹೆಚ್ಚಿನ ಉತ್ತರ ಬರುವಂತಿಲ್ಲ. 16ರಿಂದ ಶುರುಮಾಡಿ, ಶನಿವಾರ ಭಾನುವಾರ ಬಿಟ್ಟು ಹತ್ತು ಕೆಲಸದ ದಿನ ಎಣಿಸಿದರೆ ಜೂನ್ 29, ಸೋಮವಾರ ಬರುತ್ತದೆ. ಮರುದಿನ, ಅಂದರೆ ಮಂಗಳವಾರ ಬೆಳಿಗ್ಗೆ ವಿಚಾರಿಸುವುದು ಸರಿಯಾದ ಸಮಯ. ಸಣ್ಣ ಕಂಪನಿಯಾದರೆ ನೇಮಕಾತಿ ನೋಡುವವರೇ ಸಂಬಳದ ಪಟ್ಟಿಯನ್ನೂ ಮಾಡುವುದುಂಟು. ಆಗ ತಿಂಗಳ ಕೊನೆಯ ಗಡಿಬಿಡಿ ಕಳೆಯಲೆಂದು ಇನ್ನೆರಡು ದಿನ ತಡೆದರೆ ನಷ್ಟವೇನಿಲ್ಲ.

ಜಾಹೀರಾತಿನಲ್ಲಿ ಕೊನೆಯ ದಿನಾಂಕವೇ ಇಲ್ಲದಿದ್ದರೆ ಅರ್ಜಿ ಮುಟ್ಟಿದ ದಿನದಿಂದ ಎರಡು ವಾರ ಎಣಿಸಬೇಕು. ಸ್ಪೀಡ್ ಪೋಸ್ಟಿನಲ್ಲಿ ಕಳಿಸಿದ್ದರೆ ತಲುಪಿದ ದಿನ ಯಾವುದೆಂದು ಅಂಚೆ ಇಲಾಖೆಯ ತಾಣದಲ್ಲೇ ಸಿಗುತ್ತದೆ. "ಆಯ್ಕೆಯಾದವರಿಗೆ ಮಾತ್ರ ತಿಳಿಸಲಾಗುವುದು" ಎಂದು ಬರೆದಿದ್ದರೆ ಮೂರು ವಾರ ಕಾದು ಒಮ್ಮೆ ಕೇಳಬಹುದು. "ವಿಚಾರಣೆ ಬೇಡ" ಎಂದೇ ಬರೆದಿದ್ದರೆ ಕೇಳಬಾರದು.

ಎಲ್ಲ ಕಡೆಯೂ ಎರಡು ವಾರದ ಲೆಕ್ಕ ನಡೆಯುವುದಿಲ್ಲ. ಮೇ ತಿಂಗಳ ಮೂರನೆಯ ವಾರದಲ್ಲಿ ಕುಮಟಾದ ಖಾಸಗಿ ಶಾಲೆಯೊಂದು ಗಣಿತದ ಶಿಕ್ಷಕರು ಬೇಕೆಂದು ಪ್ರಕಟಿಸಿದರೆ, ಆ ಶಾಲೆಗೆ ಬಾಗಿಲು ತೆರೆಯುವ ದಿನದೊಳಗೆ ಜನ ಬೇಕೇಬೇಕು. ಅಲ್ಲಿ ಎರಡು ವಾರ ಕಾದವರು ಕೇಳುವ ಹೊತ್ತಿಗೆ ಬೇರೆಯವರು ಪಾಠ ಶುರುಮಾಡಿರುತ್ತಾರೆ. ನಾಲ್ಕೈದು ದಿನದಲ್ಲಿ ಅಂಕಪಟ್ಟಿಯ ಪ್ರತಿಗಳೊಂದಿಗೆ ಶಾಲೆಯ ಕಚೇರಿಗೇ ಹೋಗಿ ಮುಖ್ಯೋಪಾಧ್ಯಾಯರನ್ನು ಕಾಣುವುದು ಮೇಲು. ಸರಕಾರಿ ನೇಮಕಾತಿ ಇದಕ್ಕೆ ತದ್ವಿರುದ್ಧ. ಅಲ್ಲಿ ಜ್ಞಾಪನ ಪತ್ರದಿಂದ ಕಡತ ಓಡುವುದಿಲ್ಲ. ಆಯೋಗದ ತಾಣದಲ್ಲಿ ಪ್ರಕಟಣೆ ನೋಡುತ್ತಿರಬೇಕು. ನಿರ್ದಿಷ್ಟ ಮಾಹಿತಿಯೇ ಬೇಕಿದ್ದರೆ 2005ರ ಮಾಹಿತಿ ಹಕ್ಕು ಕಾಯ್ದೆಯಂತೆ ಅರ್ಜಿ ಸಲ್ಲಿಸಬಹುದು. ಉತ್ತರ ಕೊಡಲು ಸಾಮಾನ್ಯವಾಗಿ 30 ದಿನಗಳ ಅವಧಿಯಿದೆ.

ಬರೆಯುವ ಮೊದಲು ಆ ಕಡೆಯವರು ನಿಜಕ್ಕೂ ಸುಮ್ಮನಿದ್ದಾರೆಯೇ ಎಂದು ನೋಡಿಕೊಳ್ಳಬೇಕು. ಕಂಪನಿಯ ಇ-ಮೇಲ್ ಸ್ಪ್ಯಾಮ್ ಪೆಟ್ಟಿಗೆಗೆ ಹೋಗಿ ಬೀಳುವುದು ಅಪರೂಪವಲ್ಲ. ಮಳೆಗಾಲದಲ್ಲಿ ಘಟ್ಟದ ಬುಡದ ಹಳ್ಳಿಗಳಲ್ಲಿ ಕರೆಂಟು ಹೋದೊಡನೆ ಮೊಬೈಲ್ ಸಂಪರ್ಕವೂ ಹೋದರೆ ಕರೆ ಬಂದದ್ದೇ ತಿಳಿಯುವುದಿಲ್ಲ. ಅರ್ಜಿಯಲ್ಲಿ ಪೇಟೆಯಲ್ಲಿರುವ ಅಣ್ಣನದೋ ಮಾವನದೋ ಇನ್ನೊಂದು ನಂಬರು ಕೊಟ್ಟಿರುವುದು ಜಾಣತನ.

ವಿಚಾರಣೆಯ ಪತ್ರ ಐದಾರು ಸಾಲು ಮೀರಬಾರದು. ಮೊದಲು ಕಳಿಸಿದ ಇ-ಮೇಲ್‌ಗೇ ಉತ್ತರವಾಗಿ ಬರೆದರೆ ಹಳೆಯ ಅರ್ಜಿ ಅದರ ಕೆಳಗೇ ಇರುತ್ತದೆ, ಓದುವವರು ಹುಡುಕಬೇಕಾಗಿಲ್ಲ. ಹೊನ್ನಾವರದ ಹುಡುಗಿ ಬರೆಯಬೇಕಾದದ್ದು ಹೆಚ್ಚುಕಡಿಮೆ ಇಷ್ಟು: "ಗುಣಮಟ್ಟ ಪರೀಕ್ಷಾ ವಿಭಾಗದ ತರಬೇತಿ ಹುದ್ದೆಗೆ ಜೂನ್ 3ರಂದು ಅರ್ಜಿ ಸಲ್ಲಿಸಿದ್ದೇನೆ. ಆಗ ಆರನೆಯ ಸೆಮಿಸ್ಟರ್ ಫಲಿತಾಂಶ ಬಂದಿರಲಿಲ್ಲ. ಈಗ ಬಂದಿದೆ, ಅಂಕಪಟ್ಟಿ ಲಗತ್ತಿಸಿದ್ದೇನೆ. ಸಂದರ್ಶನದ ದಿನ ಸುಮಾರು ಯಾವಾಗ ನಿಗದಿಯಾಗಬಹುದು ಎಂದು ದಯವಿಟ್ಟು ತಿಳಿಸುವಿರಾ?" ಇದರಲ್ಲಿ ಕೇಳಿದ್ದು ಒಂದೇ ಪ್ರಶ್ನೆ. ಅಂಕಪಟ್ಟಿ ಹೊಸ ಸಂಗತಿಯಾದ್ದರಿಂದ ಪತ್ರ ತೆರೆದು ನೋಡಲು ಒಂದು ಕಾರಣವೂ ಸಿಕ್ಕಿತು. "ಇನ್ನೂ ಉತ್ತರ ಬಂದಿಲ್ಲ", "ಮನೆಯ ಪರಿಸ್ಥಿತಿ ಸರಿಯಿಲ್ಲ" ಎಂಬ ಮಾತುಗಳು ನಿಜವೇ ಇದ್ದರೂ ಇಲ್ಲಿ ಬೇಡ. ತಂದೆತಾಯಿ ತಾವೇ ಫೋನ್ ಮಾಡುವುದು, ಪರಿಚಯದವರಿಂದ ಹೇಳಿಸುವುದು ಇನ್ನೂ ಬೇಡ. ಕೆಲಸ ಮಾಡಬೇಕಾದವಳೇ ಕೇಳಲಿಲ್ಲವಲ್ಲ ಎಂದು ಆ ಕಡೆಯವರು ಗುರುತು ಹಾಕಿಕೊಳ್ಳುತ್ತಾರೆ.

ಭಟ್ಕಳದ ಕಡೆಯಿಂದ ಕೊಲ್ಲಿ ದೇಶಗಳಿಗೆ ಅರ್ಜಿ ಹಾಕುವವರ ಕ್ಯಾಲೆಂಡರ್ ಬೇರೆ. ಸೌದಿ ಅರೇಬಿಯಾದಲ್ಲಿ ವಾರದ ರಜೆ ಶುಕ್ರವಾರ ಮತ್ತು ಶನಿವಾರ. ಗುರುವಾರ ಸಂಜೆ ಬರೆದ ಪತ್ರ ಭಾನುವಾರದವರೆಗೆ ಹಾಗೆಯೇ ಬಿದ್ದಿರುತ್ತದೆ. ದುಬೈಯಲ್ಲಿ ಹಿಂದೆ ಇದೇ ಪದ್ಧತಿಯಿತ್ತು. 2022ರ ಜನವರಿಯಿಂದ ಅಲ್ಲಿನ ಸರಕಾರಿ ಕಚೇರಿಗಳು ಶನಿವಾರ, ಭಾನುವಾರದ ರಜೆಗೆ ಬದಲಾದವು, ಶುಕ್ರವಾರ ಅರ್ಧ ದಿನ. ಬಹಳಷ್ಟು ಖಾಸಗಿ ಕಂಪನಿಗಳೂ ಹಾಗೆಯೇ ಮಾಡಿಕೊಂಡವು. ಊರಿನಲ್ಲಿ ಬೆಳಿಗ್ಗೆ 10 ಗಂಟೆಯಾದಾಗ ರಿಯಾದ್‌ನಲ್ಲಿ ಏಳೂವರೆ, ದುಬೈಯಲ್ಲಿ ಎಂಟೂವರೆ. ರಂಜಾನ್ ತಿಂಗಳಲ್ಲಿ ಕೆಲಸದ ವೇಳೆ ಕಡಿಮೆ, ಅದರ ಬೆನ್ನಿಗೇ ಈದ್ ರಜೆ. ಆ ತಿಂಗಳು ಅರ್ಜಿ ಹಾಕಿದವರು ಈದ್ ಕಳೆದು ಒಂದು ವಾರದ ಮೇಲೆ ಕೇಳುವುದೇ ಸರಿ. ಏಜೆಂಟರ ಮೂಲಕ ಹೋಗುವವರು ಒಂದು ಸಂಗತಿ ಗಮನಿಸಬೇಕು. ವಿಚಾರಿಸಿದ್ದಕ್ಕೆ ಉತ್ತರವಾಗಿ "ಬೇಗ ಆಗಬೇಕಿದ್ದರೆ ಇಷ್ಟು ಹಣ ಕಳಿಸಿ" ಎಂದು ಬಂದರೆ, ಅಲ್ಲಿಗೇ ನಿಲ್ಲಿಸಿ ಆ ಏಜೆಂಟರ ಹೆಸರು ವಿದೇಶಾಂಗ ಸಚಿವಾಲಯದ ಇ-ಮೈಗ್ರೇಟ್ ತಾಣದ ನೋಂದಣಿ ಪಟ್ಟಿಯಲ್ಲಿ ಇದೆಯೇ ಎಂದು ನೋಡಬೇಕು.

ಸಂದರ್ಶನ ಮುಗಿದ ಮೇಲೆ ಉತ್ತರ ಬಾರದಿರುವುದಕ್ಕೆ ಕಾರಣ ಬೇರೆಯಿರುತ್ತದೆ. ಕಂಪನಿಯವರು ಮೊದಲ ಸ್ಥಾನದಲ್ಲಿರುವವರಿಗೆ ಪತ್ರ ಕೊಟ್ಟು ಅವರ ಒಪ್ಪಿಗೆಗೆ ಕಾಯುತ್ತಿರುತ್ತಾರೆ. ಅವರು ಒಲ್ಲೆ ಎಂದರೆ ಬೇಕಾದೀತೆಂದು ಎರಡನೆಯವರಿಗೆ ಹೌದು, ಅಲ್ಲ ಎರಡನ್ನೂ ಹೇಳುವುದಿಲ್ಲ. ಆದ್ದರಿಂದ ಸಂದರ್ಶನದ ಕೊನೆಯಲ್ಲೇ "ಫಲಿತಾಂಶ ಯಾವಾಗ ತಿಳಿಸುತ್ತೀರಿ?" ಎಂದು ಕೇಳಿಕೊಂಡು ಬರಬೇಕು. ಅವರು ಹೇಳಿದ ದಿನ ಕಳೆದು ಮೂರು ಕೆಲಸದ ದಿನಗಳ ಮೇಲೆ ಬರೆಯಬಹುದು. ದಿನವನ್ನೇ ಹೇಳದಿದ್ದರೆ ಒಂದು ವಾರ ಸಾಕು.

ಮೊದಲ ಪತ್ರಕ್ಕೆ ಉತ್ತರ ಬಾರದಿದ್ದರೆ ಹತ್ತು ಕೆಲಸದ ದಿನ ಬಿಟ್ಟು ಇನ್ನೊಮ್ಮೆ ಬರೆಯಬಹುದು. ಹೊನ್ನಾವರದ ಹುಡುಗಿಗೆ ಅದು ಜುಲೈ 14ರ ಹೊತ್ತಿಗೆ ಬರುತ್ತದೆ. ಈ ಸಲ ಕಂಪನಿಯ ಕಚೇರಿಯ ನಂಬರಿಗೆ ಬೆಳಿಗ್ಗೆ 11ರ ಸುಮಾರಿಗೆ ಒಂದು ಫೋನ್ ಮಾಡಿದರೂ ತಪ್ಪಿಲ್ಲ. ಅದಕ್ಕೂ ಉತ್ತರವಿಲ್ಲದಿದ್ದರೆ ಮೂರನೆಯ ಪತ್ರ ಬೇಡ. ಆ ಅರ್ಜಿಯ ಮುಂದೆ ಮುಗಿಯಿತೆಂದು ಗೆರೆ ಎಳೆಯಬಹುದು. ಜೂನ್ 3ರಿಂದ ಜುಲೈ 14ರವರೆಗಿನ ಈ ಆರು ವಾರಗಳಲ್ಲಿ ಅವಳು ಬೇರೆ ಕಂಪನಿಗಳಿಗೂ ಅರ್ಜಿ ಹಾಕುತ್ತಿದ್ದರೆ, ಅಷ್ಟರಲ್ಲಿ ಅವುಗಳಲ್ಲೊಂದರ ಕೊನೆಯ ದಿನಾಂಕ ಕಳೆದು ಎರಡು ವಾರವಾಗಿರುತ್ತದೆ.